ಮಲ್ಲಿಗೆಗೆ ಮೂರು ಚಪ್ಪಾಳೆ

‘ಮಲ್ಲಿಗೆ’ ಎಂದು ಬಾಯಲ್ಲಿ ಹೇಳುತ್ತಾ ಅಕ್ಷರಕ್ಕೊಂದರಂತೆ ಚಪ್ಪಾಳೆ ತಟ್ಟಿ ನೋಡಿ. ಮೂರು ಪೆಟ್ಟು ಬೀಳುತ್ತವೆ. ಮೊದಲ ಪೆಟ್ಟಾದ ಮೇಲೆ ಕೈ ತುಸು ಕಾಯುತ್ತದೆ, ಉಳಿದೆರಡು ಒಂದರ ಬೆನ್ನಿಗೊಂದು ಬರುತ್ತವೆ. ಈಗ ಬಾಯಿ ಮುಚ್ಚಿ ಬರೀ ಕೈಯಲ್ಲಿ ತಟ್ಟಿ. ದೊಡ್ಡವರಾದ ನಿಮಗೆ ಮೊದಲಿನಂತೆಯೇ ಬರುತ್ತದೆ. ಆರು ವರ್ಷದ ಮಗುವಿಗೆ ಹೇಳಿದರೆ ಬರುವುದು ಹೆಚ್ಚಾಗಿ ಸರಿಸಮನಾದ ಮೂರು ಪೆಟ್ಟು: ಟಪ್, ಟಪ್, ಟಪ್. ಲೆಕ್ಕ ಸರಿಯಿದೆ, ಮಲ್ಲಿಗೆ ಮಾತ್ರ ಕಾಣೆ.

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಚಪ್ಪಾಳೆಗೆ ಉದ್ದ ಎಂಬುದೇ ಇಲ್ಲ. ಕೊಳಲಿನ ಸ್ವರವನ್ನು ಎಳೆಯಬಹುದು, ಬಾಯಿಯ ‘ಆ’ಕಾರವನ್ನು ಉಸಿರಿರುವಷ್ಟು ಹೊತ್ತು ಹಿಡಿಯಬಹುದು. ಅಂಗೈಗಳು ತಾಕಿದ ಸದ್ದು ತಾಕಿದ ಗಳಿಗೆಯಲ್ಲೇ ಮುಗಿದುಹೋಗುತ್ತದೆ. ‘ಮಲ್’ ಉದ್ದ, ‘ಲಿ’ ಗಿಡ್ಡ ಎನ್ನುವುದು ಚಪ್ಪಾಳೆಯಲ್ಲಿ ಗೊತ್ತಾಗುವುದು ಸದ್ದಾದ ಮೇಲಿನ ಖಾಲಿಯಿಂದ. ಪುಟ್ಟ ಮಕ್ಕಳಿಗೆ ತಾಳ ಹೇಳಿಕೊಡಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ. ತಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ, ಒಂದು ವರ್ಷದ ಕೂಸೂ ತಟ್ಟುತ್ತದೆ. ಎರಡು ತಟ್ಟುಗಳ ನಡುವೆ ಅಳತೆ ತಪ್ಪದೆ ಸುಮ್ಮನಿರುವುದನ್ನು ಕಲಿಸಬೇಕು.

ಕೆಲವು ವರ್ಷಗಳಿಂದ ನಾನು ಶನಿವಾರ ಬೆಳಗ್ಗೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ನಲಿಕಲಿ ಕೋಣೆಗೆ ಹೋಗುತ್ತೇನೆ. ಒಂದು, ಎರಡು, ಮೂರನೆಯ ತರಗತಿಯವರು ಅಲ್ಲಿ ಒಟ್ಟಿಗೇ ಕೂರುತ್ತಾರೆ, ಎಲ್ಲ ಸೇರಿ 26 ಮಕ್ಕಳು. ಹಾರ್ಮೋನಿಯಂ ಇಲ್ಲ, ತಬಲ ಇಲ್ಲ, ಒಂದು ಜೊತೆ ತಾಳವೂ ಇಲ್ಲ. ಇರುವುದು 52 ಅಂಗೈ, 52 ತೊಡೆ, ಸಿಮೆಂಟಿನ ನೆಲ. ಇವಿಷ್ಟರಲ್ಲಿ ನಡೆಯುವ ಆಟ ಬಲು ಸರಳ. ನಾನು ನಾಲ್ಕು ಎಣಿಕೆಯ ಒಂದು ತುಣುಕು ತಟ್ಟುತ್ತೇನೆ, ಮಕ್ಕಳು ಅದನ್ನೇ ತಿರುಗಿ ತಟ್ಟುತ್ತಾರೆ. ಬೆಟ್ಟದೆದುರು ನಿಂತು ಕೂಗಿದರೆ ಮರುದನಿ ಬರುವ ಹಾಗೆ. ಅದಕ್ಕೇ ನಾವು ಇದನ್ನು ‘ಮರುದನಿ ಆಟ’ ಎನ್ನುತ್ತೇವೆ.

ಆಟ ಹಳೆಯದು. ತರಗತಿಯ ಪಾಠವಾಗಿ ಇದಕ್ಕೊಂದು ಕ್ರಮ ಹಾಕಿಕೊಟ್ಟವರಲ್ಲಿ ಜರ್ಮನಿಯ ಸಂಗೀತ ರಚನೆಕಾರ ಕಾರ್ಲ್ ಓರ್ಫ್ ಮುಖ್ಯ. 1924ರಲ್ಲಿ ಡೊರೊಥೀ ಗುಂಥರ್ ಜೊತೆಗೂಡಿ ಮ್ಯೂನಿಕ್‌ನಲ್ಲಿ ಕುಣಿತ ಮತ್ತು ಸಂಗೀತದ ಶಾಲೆ ತೆರೆದ ಆತ, 1948ರಿಂದ ಬವೇರಿಯಾದ ರೇಡಿಯೊದಲ್ಲಿ ಮಕ್ಕಳಿಗಾಗಿ ಪಾಠದ ಕಾರ್ಯಕ್ರಮ ನಡೆಸಿದ. ಜೊತೆಗಿದ್ದ ಗುನಿಲ್ಡ್ ಕೀಟ್‌ಮನ್ ಎಂಬಾಕೆಯ ಪಾಲು ಅದರಲ್ಲಿ ಓರ್ಫ್‌ನಷ್ಟೇ ದೊಡ್ಡದು, ಹೆಸರು ಮಾತ್ರ ಅವನದೇ ಉಳಿಯಿತು. ಇವರಿಬ್ಬರೂ ದೇಹದ ಸದ್ದುಗಳನ್ನು ನಾಲ್ಕು ಮೆಟ್ಟಿಲಾಗಿ ಜೋಡಿಸಿದರು: ಕೆಳಗೆ ಕಾಲು, ಅದರ ಮೇಲೆ ತೊಡೆ, ಆಮೇಲೆ ಚಪ್ಪಾಳೆ, ಎಲ್ಲಕ್ಕಿಂತ ಮೇಲೆ ಚಿಟಿಕೆ. ದಪ್ಪ ದನಿಯಿಂದ ಸಣ್ಣ ದನಿಗೆ ಏರುವ ಏಣಿ ಅದು. ಬರೀ ತಟ್ಟಿಸಲಿಲ್ಲ, ಮೊದಲು ಮಾತಾಡಿಸಿದರು. ಮಕ್ಕಳ ಹೆಸರು, ಗಿಡಹೂಗಳ ಹೆಸರು, ಗಾದೆ ಹೇಳಿಸಿ, ಆ ಮಾತಿನ ನಡೆಯನ್ನು ಕೈಗೆ ಇಳಿಸಿದರು. ನನಗೆ ಹಿಡಿಸಿದ್ದು ಈ ಕೊನೆಯ ಸಂಗತಿ. ಅಕ್ಷರ ಅಕ್ಷರಕ್ಕೂ ಗುರು, ಲಘು ಎಂದು ಅಳತೆ ಹಾಕಿಟ್ಟಿರುವ ಕನ್ನಡಕ್ಕೆ ಇದು ಜರ್ಮನ್‌ಗಿಂತ ಸಲೀಸಾಗಿ ಒಗ್ಗುತ್ತದೆ ಎಂಬುದು ನನ್ನ ಅನಿಸಿಕೆ.

ಅದು ಹೊಳೆಯುವ ಮೊದಲು ಎಡವಿದ್ದನ್ನೂ ಹೇಳಬೇಕು. ಮೊದಲ ಶನಿವಾರ ನಾನು ಮಕ್ಕಳಿಗೆ ಸುಲಭವಾಗಲಿ ಎಂದು ತೀರಾ ನಿಧಾನವಾಗಿ ತಟ್ಟಿದೆ, ಸೆಕೆಂಡಿಗೆ ಒಂದು ಪೆಟ್ಟು. ನಾಲ್ಕು ಪೆಟ್ಟು ತಟ್ಟಿ ನಿಲ್ಲಿಸಿ, ‘ಹಾಂ, ಈಗ ನೀವು’ ಎಂದೆ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಾಯಿತು. ಒಬ್ಬೊಬ್ಬರದು ಒಂದೊಂದು ಹೊತ್ತಿಗೆ ಬಿತ್ತು. ಕೆಲವರು ನಾಲ್ಕು ತಟ್ಟಿದರು, ಕೆಲವರು ಏಳು. ಇನ್ನೂ ನಿಧಾನ ಮಾಡಿದೆ, ಇನ್ನೂ ಕೆಟ್ಟಿತು. ಮೂಲೆಯಲ್ಲಿ ಕೂತಿದ್ದ ತರಗತಿಯ ಮೇಡಂ, ‘ಇವ್ರಿಗೆ ಅಷ್ಟು ಹೊತ್ತು ಕೈ ಹಿಡ್ಕೊಂಡಿರೋಕೆ ಆಗಲ್ಲ ಸಾರ್’ ಎಂದರು. ಅವರು ಹೇಳಿದ್ದು ನಿಜವಾಗಿತ್ತು.

ಪುಟ್ಟ ಮಕ್ಕಳ ಸಹಜ ಓಟ ದೊಡ್ಡವರದಕ್ಕಿಂತ ಚುರುಕು. ಯಾರೂ ಏನೂ ಹೇಳದೆ ‘ನಿನಗೆ ಬಂದ ಹಾಗೆ ಒಂದೇ ಸಮನೆ ತಟ್ಟು’ ಎಂದರೆ ದೊಡ್ಡವರ ಪೆಟ್ಟುಗಳ ನಡುವೆ ಸುಮಾರು 0.6 ಸೆಕೆಂಡು ಬಿಡುವು ಇರುತ್ತದೆ. ನಾಲ್ಕಾರು ವರ್ಷದವರಲ್ಲಿ ಅದು 0.4ರ ಆಸುಪಾಸಿಗೆ ಇಳಿಯುತ್ತದೆ. ಸೆಕೆಂಡಿಗೊಂದು ಪೆಟ್ಟು ಎಂದರೆ ಆ ಮಗುವಿಗೆ ತನ್ನ ಸಹಜ ನಡಿಗೆಯ ಎರಡೂವರೆ ಪಟ್ಟು ಕಾಯುವ ಶಿಕ್ಷೆ. ಕಾಯುವಾಗ ಅದಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ದೊಡ್ಡವರು ಮನಸ್ಸಿನಲ್ಲೇ ಆ ಜಾಗವನ್ನು ಅರೆ ಮಾಡಿ ಎಣಿಸಿಕೊಳ್ಳುತ್ತಾರೆ, ಮಗುವಿಗೆ ಆ ಉಪಾಯ ಇನ್ನೂ ಗೊತ್ತಿಲ್ಲ. ಹಾಗಂತ ಸಹಜ ವೇಗಕ್ಕೇ ಹೋದರೆ ಇನ್ನೊಂದು ಕಷ್ಟ. ಎಣಿಕೆಯೊಳಗೆ ಎರಡು ಪೆಟ್ಟು ಬಂದಾಗ ಸೆಕೆಂಡಿಗೆ ಐದು ತಟ್ಟಬೇಕಾಗುತ್ತದೆ, ಎಳೆ ತೋಳಿಗೆ ಅದು ಆಗದು. ತಡಕಾಡಿ ನಾನು ನಿಂತ ಜಾಗ 10 ಸೆಕೆಂಡಿಗೆ 16 ಎಣಿಕೆ. ಗೋಡೆ ಗಡಿಯಾರ ನೋಡಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಿಕೊಂಡರೆ ಇದು ಕೈಗೆ ಬರುತ್ತದೆ.

ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಹಾಕಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಲೀಪ್‌ಜಿಗ್‌ನಲ್ಲಿ ಸಿಕ್ಕಿದೆ. ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಸೆಲೊ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳು ಒಮ್ಮೆ ಮನುಷ್ಯನ ಜೊತೆ, ಒಮ್ಮೆ ಡೋಲು ಬಡಿಯುವ ಯಂತ್ರದ ಜೊತೆ, ಒಮ್ಮೆ ಬರೀ ಸ್ಪೀಕರಿನಿಂದ ಬಂದ ಸದ್ದಿನ ಜೊತೆ ಡೋಲು ಬಡಿದರು. ಪೆಟ್ಟು ಚೆನ್ನಾಗಿ ಕೂಡಿದ್ದು ಎದುರಿಗೆ ಮನುಷ್ಯ ಕೂತಿದ್ದಾಗ. ನನ್ನ ಕೋಣೆಯಲ್ಲಿ ಮೊಬೈಲ್ ತೆಗೆದರೆ ಆಗುವುದೇ ಬೇರೆ, ತಾಳ ಹೋಗಿ 26 ಜನ ಮೊಬೈಲ್ ಸುತ್ತ ಸೇರುತ್ತಾರೆ. ಅದನ್ನು ಯಾವ ಅಧ್ಯಯನವೂ ಹೇಳಬೇಕಿಲ್ಲ.

ಆ ಮೊದಲ ಶನಿವಾರದ ಇನ್ನೊಂದು ತಪ್ಪು ‘ಈಗ ನೀವು’ ಎಂಬ ಮಾತು. ಅದನ್ನು ಹೇಳಿದ ಗಳಿಗೆಯಲ್ಲಿ ಎಣಿಕೆ ನಿಂತಿತು. ನಿಂತ ಎಣಿಕೆಯನ್ನು ಮತ್ತೆ ಯಾವಾಗ ಶುರು ಮಾಡಬೇಕೆಂದು ಪ್ರತಿ ಮಗುವೂ ತಾನೇ ತೀರ್ಮಾನಿಸಬೇಕಾಯಿತು, 26 ತೀರ್ಮಾನಗಳಾದವು. ಮರುದನಿ ಆಟದ ಜೀವ ಇರುವುದು ಎಣಿಕೆ ತುಂಡಾಗದೆ ಸಾಗುವುದರಲ್ಲಿ. ನನ್ನದು ನಾಲ್ಕು ಎಣಿಕೆ, ಐದನೆಯದರಲ್ಲೇ ಅವರದು ಹೊರಡಬೇಕು, ಎಂಟಾದ ಕೂಡಲೇ ಮತ್ತೆ ನನ್ನದು. ಲೆಕ್ಕ ಹಾಕಿದರೆ ಇದು ನಮ್ಮ ಆದಿತಾಳದ ಒಂದು ಆವರ್ತ. ನಾಲ್ಕೆಣಿಕೆಯ ಲಘುವಿನಲ್ಲಿ ನಾನು, ಎರಡೆರಡರ ಎರಡು ದ್ರುತಗಳಲ್ಲಿ ಮಕ್ಕಳು. ನಾನು ಹೇಳಿದ ವೇಗದಲ್ಲಿ ಒಂದು ಆವರ್ತಕ್ಕೆ 5 ಸೆಕೆಂಡು, ನಿಮಿಷಕ್ಕೆ 12 ಆವರ್ತ. ಐದು ನಿಮಿಷದಲ್ಲಿ ಪ್ರತಿ ಮಗುವೂ 60 ಸಲ ತಟ್ಟಿರುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಅಂಗೈ ಕೆಂಪಾಗುತ್ತದೆ, ಗಮನವೂ ಕಳಚುತ್ತದೆ.

ಇನ್ನು ಮಾತಿಗೆ ಬರೋಣ. ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ಪ್ರಸ್ತಾರ ಹಾಕಿದ್ದು ನೆನಪಿರಬಹುದು. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘವೋ ಒತ್ತಕ್ಷರದ ಹಿಂದಿನದೋ ಅನುಸ್ವಾರ ಇರುವುದೋ ಆದರೆ ಗುರು, ಎರಡು ಮಾತ್ರೆ. (ತಾಳದ ಲಘುವೇ ಬೇರೆ, ಛಂದಸ್ಸಿನ ಲಘುವೇ ಬೇರೆ. ಹೆಸರೊಂದೇ ಆದದ್ದು ಕಲಿಯುವವರ ದುರದೃಷ್ಟ.) ಪರೀಕ್ಷೆಯಲ್ಲಿ ಮೂರು ಅಂಕ ತಂದುಕೊಟ್ಟು ಮರೆತುಹೋಗುವ ಈ ವಿದ್ಯೆ ಮರುದನಿ ಆಟಕ್ಕೆ ನೇರವಾಗಿ ಒದಗುತ್ತದೆ. ಒಂದು ಗುರುವಿಗೆ ಒಂದು ಎಣಿಕೆ, ಎರಡು ಲಘುವಿಗೆ ಒಂದು ಎಣಿಕೆ ಎಂದಿಟ್ಟುಕೊಂಡರೆ ಸಾಕು. ಹಂಗೇರಿಯ ಶಾಲೆಗಳಲ್ಲಿ ಕೊಡಾಯ್ ಕ್ರಮದವರು ಉದ್ದದ ಪೆಟ್ಟಿಗೆ ‘ತಾ’, ಗಿಡ್ಡದ ಜೋಡಿಗೆ ‘ತಿತಿ’ ಎಂದು ಹೇಳಿಸುತ್ತಾರೆ. ನಾನು ಮೃದಂಗದವರ ಬಾಯಿಂದ ‘ತಾಂ’ ಮತ್ತು ‘ತಕ’ ಎರವಲು ತಂದಿದ್ದೇನೆ.

ಮಕ್ಕಳಿಗೆ ಇದಾವುದನ್ನೂ ಹೇಳುವುದಿಲ್ಲ. ಹೂವಿನ ಹೆಸರು ಕೇಳುತ್ತೇನೆ, ಅಷ್ಟೆ. ‘ಮಲ್ಲಿಗೆ ಹೂ’ ಎಂದರೆ ತಾಂ, ತಕ, ತಾಂ, ಆಮೇಲೆ ಒಂದು ಖಾಲಿ ಎಣಿಕೆ. ‘ಸೇವಂತಿಗೆ’ ಎಂದರೆ ತಾಂ, ತಾಂ, ತಕ, ಖಾಲಿ. ‘ಕನಕಾಂಬರ’ ತಕ, ತಾಂ, ತಕ, ಖಾಲಿ. ಮೂರು ಹೂವು, ಮೂರು ಬೇರೆ ಬೇರೆ ನಡೆ, ಮೂರೂ ನಾಲ್ಕೆಣಿಕೆಯೊಳಗೆ ಕರಾರುವಾಕ್ಕಾಗಿ ಕೂರುತ್ತವೆ. ಮೊದಲ ಸುತ್ತಿನಲ್ಲಿ ಹೇಳುತ್ತಾ ತಟ್ಟುತ್ತೇವೆ, ಎರಡನೆಯದರಲ್ಲಿ ಪಿಸುಗುಡುತ್ತಾ, ಮೂರನೆಯದರಲ್ಲಿ ತುಟಿ ಮಾತ್ರ ಆಡಿಸುತ್ತಾ, ನಾಲ್ಕನೆಯದರಲ್ಲಿ ಬಾಯಿ ಪೂರಾ ಮುಚ್ಚಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾತನ್ನು ಒಳಗೆ ತಳ್ಳಿದರೆ ‘ಟಪ್ ಟಪ್ ಟಪ್’ ಕಾಟ ಬಹುಮಟ್ಟಿಗೆ ಹೋಗುತ್ತದೆ. ಕೈ ಕಾಯುವಷ್ಟು ಹೊತ್ತನ್ನು ಒಳಗಿನ ಮಾತು ತುಂಬಿಕೊಂಡಿರುತ್ತದೆ. ಮಗು ಕಾಯುತ್ತಿಲ್ಲ, ಮನಸ್ಸಿನಲ್ಲೇ ‘ಮಲ್’ ಎಂದು ಹೇಳುತ್ತಿದೆ.

ಕೊನೆಯ ಖಾಲಿ ಎಣಿಕೆ ಬೇಕೆಂದೇ ಇಟ್ಟದ್ದು. ಅಲ್ಲಿ ಮಕ್ಕಳು ಉಸಿರೆಳೆದುಕೊಂಡು ತಮ್ಮ ಸರದಿಗೆ ಸಿದ್ಧರಾಗುತ್ತಾರೆ. ಬಾಯಲ್ಲಿ ‘ಈಗ ನೀವು’ ಎನ್ನುವ ಬದಲು ಆ ಎಣಿಕೆಯಲ್ಲಿ ನಾನು ಎರಡು ಕೈಯನ್ನೂ ಅವರತ್ತ ಬಿಚ್ಚುತ್ತೇನೆ. ಅವರೂ ತಮ್ಮ ನಾಲ್ಕನೆಯ ಎಣಿಕೆಯಲ್ಲಿ ನನ್ನತ್ತ ಕೈ ಬಿಚ್ಚಬೇಕು. ಖಾಲಿ ಜಾಗದಲ್ಲಿ ಸುಮ್ಮನಿರು ಎಂದರೆ ಆರು ವರ್ಷದ ಕೈ ಸುಮ್ಮನಿರದು, ತಟ್ಟಿಯೇ ತಟ್ಟುತ್ತದೆ. ಸದ್ದಿಲ್ಲದ ಒಂದು ಕೆಲಸ ಕೊಟ್ಟರೆ ಅದನ್ನು ಮಾಡುತ್ತದೆ. ಕರ್ನಾಟಕ ಸಂಗೀತದಲ್ಲಿ ತಾಳ ಹಾಕುವವರು ಮಾಡುವುದೂ ಇದನ್ನೇ. ಬೆರಳೆಣಿಕೆಗೆ ಸದ್ದಿಲ್ಲ, ಅಂಗೈ ಮೇಲಾಗಿಸುವ ವಿಸರ್ಜಿತಕ್ಕೂ ಸದ್ದಿಲ್ಲ. ಆದಿತಾಳದ ಎಂಟೆಣಿಕೆಯಲ್ಲಿ ಕೇಳುವ ಪೆಟ್ಟು ಮೂರೇ, ಉಳಿದ ಐದು ಕೈಯ ಅಭಿನಯ.

ಹೂವಿನ ಪಟ್ಟಿಯಲ್ಲಿ ಒಂದು ಮಾತ್ರ ಪ್ರತಿ ವರ್ಷ ಕೈಕೊಡುತ್ತದೆ. ಯಾರಾದರೊಬ್ಬರು ‘ಗುಲಾಬಿ’ ಎನ್ನುತ್ತಾರೆ, ಆಟ ಕೆಡುತ್ತದೆ. ಗು ಲಘು, ಲಾ ಗುರು, ಬಿ ಲಘು. ಒಟ್ಟು ನಾಲ್ಕೇ ಮಾತ್ರೆ, ಮಲ್ಲಿಗೆಯಷ್ಟೇ. ಆದರೆ ‘ಲಾ’ ಮೊದಲನೆಯ ಎಣಿಕೆಯ ಅರ್ಧದಲ್ಲಿ ಹುಟ್ಟಿ ಎರಡನೆಯದರ ಅರ್ಧದವರೆಗೆ ಚಾಚಿಕೊಳ್ಳುತ್ತದೆ. ಎರಡನೆಯ ಎಣಿಕೆ ಬೀಳುವ ಜಾಗದಲ್ಲಿ ಅಕ್ಷರವೇ ಇಲ್ಲ. ಮಗುವಿನ ಕೈ ಅಲ್ಲಿ ತಟ್ಟದೆ ಬಿಡುವುದಿಲ್ಲ. ‘ಚಪಾತಿ’ಯದೂ ಇದೇ ರಗಳೆ. ಷಟ್ಪದಿ ಬರೆಯುವವರು ಗಣದ ಮೊದಲಿಗೆ ಹೀಗೆ ಲಘುವಿನ ಬೆನ್ನಿಗೆ ಗುರು ಬಾರದಂತೆ ನೋಡಿಕೊಳ್ಳುತ್ತಾರೆ, ಓಟ ಎಡವುತ್ತದೆ ಎಂದು. ಒಂದನೇ ತರಗತಿಯ ಕೈಗಳೂ ಅದನ್ನೇ ಹೇಳುತ್ತಿವೆ. ಗುಲಾಬಿಯನ್ನು ನಾನು ಮೂರನೆಯ ತರಗತಿಯವರಿಗೆ ಎತ್ತಿಡುತ್ತೇನೆ.

ಚಪ್ಪಾಳೆಯೊಂದರಲ್ಲೇ ನಿಂತರೆ ಗುರು ಯಾವುದು, ಲಘು ಯಾವುದು ಎಂದು ಕಿವಿಗೆ ಬೇಗ ಹತ್ತುವುದಿಲ್ಲ. ತೊಡೆ ಉಪಕಾರಕ್ಕೆ ಬರುವುದು ಇಲ್ಲಿ. ಗುರುವಿಗೆ ಎರಡೂ ತೊಡೆ ತಟ್ಟುವುದು, ಲಘುವಿಗೆ ಚಪ್ಪಾಳೆ. ‘ಮಲ್ಲಿಗೆ’ ಈಗ ತೊಡೆ, ಕೈ, ಕೈ. ಸದ್ದೇ ಎರಡು ಬಗೆಯದಾಯಿತು. ಅದಕ್ಕಿಂತ ಮಿಗಿಲಾದ ಲಾಭ ಒಂದಿದೆ. ತೊಡೆಯ ಮೇಲಿನ ಕೈ ಎದೆಮಟ್ಟಕ್ಕೆ ಏರಲು ಹೊತ್ತು ಬೇಕು. ಆ ಹೊತ್ತೇ ಗುರುವಿನ ಉಳಿದ ಅರ್ಧ. ಮಗು ಅದನ್ನು ಎಣಿಸುವುದಿಲ್ಲ, ತೋಳಿನಲ್ಲಿ ಅನುಭವಿಸುತ್ತದೆ. ಕಷ್ಟ ಬರುವುದು ಇಳಿಯುವಾಗ. ಮಲ್ಲಿಗೆಯ ಬೆನ್ನಿಗೇ ಸಂಪಿಗೆ ಬಂದರೆ ‘ಗೆ’ ಎಂಬ ಚಪ್ಪಾಳೆಯಿಂದ ‘ಸಂ’ ಎಂಬ ತೊಡೆಗೆ ಅರ್ಧ ಎಣಿಕೆಯಲ್ಲಿ ಇಳಿಯಬೇಕು. ತೋಳನ್ನು ಅಗಲಕ್ಕೆ ಬೀಸಿ ತಟ್ಟುವ ಮಕ್ಕಳು ಅಲ್ಲಿ ತಡವಾಗುತ್ತಾರೆ. ಚಪ್ಪಾಳೆ ಚಿಕ್ಕದಿರಲಿ, ಮೊಣಕೈ ಸಡಿಲವಿರಲಿ, ತೊಡೆಗೆ ಕೈಯನ್ನು ಹೊಡೆಯದೆ ಬೀಳಬಿಡಲಿ. ಇಷ್ಟು ಸರಿಪಡಿಸಿದರೆ ‘ಲಯ ಇಲ್ಲದ ಮಗು’ ಎನಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಲಯ ಬಂದುಬಿಡುತ್ತದೆ. ಅವರ ಕಿವಿ ಚೆನ್ನಾಗಿಯೇ ಇತ್ತು, ಚಪ್ಪಾಳೆ ದೊಡ್ಡದಾಗಿತ್ತು.

ಓರ್ಫ್ ಏಣಿಯ ಉಳಿದೆರಡು ಮೆಟ್ಟಿಲನ್ನು ನಾನು ಅಷ್ಟಾಗಿ ಬಳಸುವುದಿಲ್ಲ. ಆರೇಳು ವರ್ಷದ ಹೆಚ್ಚಿನ ಮಕ್ಕಳಿಗೆ ಚಿಟಿಕೆ ಹೊಡೆಯಲು ಬರುವುದಿಲ್ಲ. ಬರುವ ಮೂವರಿದ್ದರೆ ಅವರು ಆ ದಿನವೆಲ್ಲ ಅದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಬದಲಿಗೆ ಎಡ ಅಂಗೈ ಮೇಲೆ ಬಲಗೈಯ ಎರಡು ಬೆರಳು ತಟ್ಟಿಸುತ್ತೇನೆ, ಸದ್ದು ಸಣ್ಣಗೆ ಬರುತ್ತದೆ. ಕಾಲು ಕುಟ್ಟಲು ಎದ್ದು ನಿಲ್ಲಬೇಕು. ಒಂಟಿ ಕಾಲೆತ್ತಿ ಸಮತೋಲ ಹಿಡಿಯುವಷ್ಟರಲ್ಲಿ ಎಣಿಕೆ ದಾಟಿಹೋಗಿರುತ್ತದೆ, ಪಕ್ಕದ ತರಗತಿಯವರೂ ಬಾಗಿಲಿಗೆ ಬರುತ್ತಾರೆ.

ಒಂದು ತಿಂಗಳು ಹೀಗೆ ನಡೆದರೆ ಕೋಣೆಯ ಮರುದನಿ ಗಟ್ಟಿಯಾಗುತ್ತದೆ. ಚರಪರ ಹೋಗಿ, 26 ಜೊತೆ ಕೈಗಳ ಸದ್ದು ಒಂದೇ ಬೀಸಿನಲ್ಲಿ ಒಡೆಯುತ್ತದೆ. ಮೇಷ್ಟ್ರು ಮೋಸಹೋಗುವುದು ಆಗಲೇ. ಒಕ್ಕೂಟದ ಸದ್ದು ಗಟ್ಟಿಯಿದೆ ಎಂದರೆ ಎಲ್ಲರಿಗೂ ಬಂದಿದೆ ಎಂದಲ್ಲ. ಏಳೆಂಟು ಮಂದಿಗೆ ಬಂದಿದ್ದರೆ ಸಾಕು, ಉಳಿದವರು ಅವರ ನೆರಳಿನಲ್ಲಿ ತಟ್ಟುತ್ತಿರುತ್ತಾರೆ. ಎರಡನೆಯ ತರಗತಿಯ ಒಬ್ಬ ಹುಡುಗನ ಪೆಟ್ಟು ಯಾವಾಗಲೂ ಎಳೆಯಷ್ಟು ಹಿಂದೆ ಬೀಳುತ್ತಿತ್ತು. ನಡೆ ಸರಿಯಿರುತ್ತಿತ್ತು, ಲೆಕ್ಕವೂ ಸರಿ, ಒಟ್ಟು ತುಣುಕೇ ತುಸು ತಡ. ಎಷ್ಟೋ ವಾರ ಅವನು ಮಂದ ಎಂದುಕೊಂಡಿದ್ದೆ. ಒಂದು ದಿನ ಎಲ್ಲರಿಗೂ ಕಣ್ಣು ಮುಚ್ಚಿಕೊಂಡು ತಟ್ಟಿ ಎಂದೆ. ಅವನ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ‘ಯಾಕೋ?’ ಎಂದರೆ, ‘ಕಾಣಲ್ಲ ಸಾರ್’ ಎಂದ.

ಅವನು ನನ್ನನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಪಕ್ಕದವಳ ಕೈ ನೋಡಿಕೊಂಡು ತಟ್ಟುತ್ತಿದ್ದ. ನೋಡಿ ತಟ್ಟಿದರೂ ಕೇಳಿ ತಟ್ಟಿದರೂ, ಅದಾದ ಮೇಲೆ ತಟ್ಟಿದರೆ ತಡವೇ. ಸರಿಯಾದ ಗಳಿಗೆಗೆ ಪೆಟ್ಟು ಬೀಳಬೇಕಾದರೆ ಕೈ ಅದಕ್ಕೆ ಮುಂಚೆಯೇ ಹೊರಟಿರಬೇಕು, ಮುಂದಿನ ಎಣಿಕೆ ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರಬೇಕು. ಒಂದೇ ಸಮನೆ ಬರುವ ಟಿಕ್ ಸದ್ದಿನ ಜೊತೆ ತಟ್ಟುವ ದೊಡ್ಡವರ ಪೆಟ್ಟು ಸಾಮಾನ್ಯವಾಗಿ ಆ ಸದ್ದಿಗಿಂತ ಕೂದಲೆಳೆಯಷ್ಟು ಮುಂಚೆಯೇ ಬೀಳುತ್ತದೆ. ಅವರು ಕಾಯುವುದಿಲ್ಲ, ಊಹಿಸುತ್ತಾರೆ. ಈ ಹುಡುಗನಿಗೆ ನಡೆ ನೆನಪಿಡುವುದು ಬರುತ್ತಿತ್ತು, ಎಣಿಕೆ ಊಹಿಸುವುದು ಬರುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ವಿದ್ಯೆ ಎಂಬುದನ್ನು ನಾನು ಕಲಿತದ್ದು ಅವನಿಂದ. ಮರುದನಿ ಆಟ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತದೆ, ಎರಡನೆಯದನ್ನು ತಾನಾಗಿ ಕಲಿಸುವುದಿಲ್ಲ. ಅದಕ್ಕೆ ಬೇರೆ ಕೆಲಸ ಬೇಕು: ನಾನು ತಟ್ಟುವಾಗಲೂ ಅವರು ತಟ್ಟುವಾಗಲೂ ಅರ್ಧ ತರಗತಿ ತೊಡೆಯ ಮೇಲೆ ಬರೀ ಎಣಿಕೆಯನ್ನು ನಿಲ್ಲಿಸದೆ ಹಾಕುತ್ತಿರಬೇಕು. ಆ ಹುಡುಗನನ್ನು ಎಣಿಕೆಯ ಗುಂಪಿಗೆ ಹಾಕಿದೆ. ದೀಪಾವಳಿ ರಜೆಗೆ ಮುಂಚೆ ಅವನ ತಡ ಹೋಯಿತು.

ಅಂದಿನಿಂದ ಒಬ್ಬೊಬ್ಬರನ್ನೂ ಪರೀಕ್ಷಿಸುವ ಬಗೆ ಬದಲಿಸಿದೆ. ಒಂಟಿಯಾಗಿ ತಟ್ಟು ಎಂದು ಎಬ್ಬಿಸಿ ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಅದರ ಬದಲು ಮಗುವೇ ಮೇಷ್ಟ್ರಾಗುತ್ತದೆ: ಅದು ಒಂದು ಹೂವನ್ನು ಮನಸ್ಸಿನಲ್ಲಿಟ್ಟುಕೊಂಡು ತಟ್ಟುತ್ತದೆ, ಉಳಿದ ನಾವು ಮರುದನಿ ಕೊಟ್ಟು ಆಮೇಲೆ ಹೂವಿನ ಹೆಸರು ಹೇಳುತ್ತೇವೆ. ತರಗತಿ ಹೂವನ್ನು ಗುರುತಿಸಿದರೆ ಆ ಮಗುವಿಗೆ ನಡೆ ಬಂದಿದೆ ಎಂದೇ. ಅಂಕ ಹಾಕಬೇಕಾಗಿಲ್ಲ. ತಪ್ಪಾದರೆ ‘ತಪ್ಪು’ ಎನ್ನುವುದಿಲ್ಲ, ಅದೇ ತುಣುಕನ್ನು ನಾನು ಇನ್ನೊಮ್ಮೆ ತಟ್ಟುತ್ತೇನೆ, ಎಣಿಕೆ ಮುಂದುವರಿದಿರುತ್ತದೆ. ತಿದ್ದಲು ಮಾತಾಡಿದರೆ ಎಣಿಕೆ ನಿಲ್ಲುತ್ತದೆ, ಎಣಿಕೆ ನಿಂತರೆ ಆಲಿಕಲ್ಲು ಮತ್ತೆ ಶುರು.

ಇನ್ನೊಂದು ರೋಗ ಓಟ. ಸದ್ದು ಜೋರಾದಷ್ಟೂ ತರಗತಿ ಓಡುತ್ತದೆ. ನಿಮಿಷಕ್ಕೆ 12 ಆವರ್ತ ಇದ್ದದ್ದು ಮೂರನೆಯ ನಿಮಿಷಕ್ಕೆ 15 ಆಗಿರುತ್ತದೆ, ನಾನೂ ಅವರ ಜೊತೆ ಓಡಿರುವುದರಿಂದ ನನಗೆ ಗೊತ್ತಾಗುವುದು ಗಡಿಯಾರ ನೋಡಿದಾಗಲೇ. ‘ನಿಧಾನ, ನಿಧಾನ’ ಎಂದು ಕೂಗಿ ಫಲವಿಲ್ಲ. ಎರಡು ಬೆರಳಿನ ತಟ್ಟಿಗೆ ಇಳಿಸುತ್ತೇನೆ. ಸದ್ದು ತಗ್ಗಿದರೆ ಪಕ್ಕದವರದು ಕೇಳಲು ಕಿವಿ ಕೊಡಲೇಬೇಕು, ಓಟ ತಾನೇ ಇಳಿಯುತ್ತದೆ. ಕಾಂಕ್ರೀಟಿನ ಕೋಣೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಜೋರು ಚಪ್ಪಾಳೆ ಗೋಡೆಗೆ ಬಡಿದು ಗುಂಯ್‌ಗುಟ್ಟುತ್ತದೆ, ಎರಡು ಲಘು ಕಲಸಿಹೋಗಿ ಒಂದೇ ಆಗಿ ಕೇಳುತ್ತದೆ.

ವರ್ಷದ ಕೊನೆಗೆ ನಾವು ಹೂ ಬಿಟ್ಟು ತಿಂಡಿಗೆ ಬರುತ್ತೇವೆ. ತಿಂಡಿಯ ಲೆಕ್ಕವೇ ಬೇರೆ. ಇಡ್ಲಿ, ದೋಸೆ, ಮುದ್ದೆ ಎಲ್ಲವೂ ಗುರುವಿನ ಮೇಲೊಂದು ಲಘು, ಮೂರು ಮಾತ್ರೆ. ತೊಡೆ, ಕೈ, ಕೈ ಎಂದು ಮೂರು ಮಾತ್ರೆಗೂ ಸಮನಾಗಿ ತಟ್ಟಿದರೆ ತಕಿಟ ಆಯಿತು, ತಿಶ್ರ ನಡೆ. ಅವಲಕ್ಕಿ, ಉಪ್ಪಿಟ್ಟು, ಚಿತ್ರಾನ್ನ, ಮೊಸರನ್ನ ಎಲ್ಲವೂ ಐದು ಮಾತ್ರೆ. ‘ಅವ’ ಎರಡು, ‘ಲಕ್ಕಿ’ ಮೂರು, ಸೇರಿ ತಕ ತಕಿಟ, ಖಂಡ ನಡೆ. ತೊಡೆ ಕೈ, ತೊಡೆ ಕೈ ಕೈ ಎಂದು ತಟ್ಟುತ್ತಾ ‘ಅವಲಕ್ಕಿ, ಉಪ್ಪಿಟ್ಟು’ ಹೇಳುತ್ತಾ ಹೋದರೆ ಮಕ್ಕಳು ಖಂಡ ಛಾಪಿನಲ್ಲಿ ಓಡುತ್ತಿರುತ್ತಾರೆ, ಹೆಸರು ಗೊತ್ತಿಲ್ಲದೆಯೇ. ಐದರ ನಡೆ ಕಷ್ಟ ಎಂದು ದೊಡ್ಡವರು ಹೆದರುತ್ತಾರೆ. 2005ರಲ್ಲಿ ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಎಂಬ ಸಂಶೋಧಕಿಯರು ಕಂಡುಕೊಂಡದ್ದು ಇದಕ್ಕೆ ವಿರುದ್ಧವಾಗಿದೆ. ಬಾಲ್ಕನ್ ನಾಡಿನ ಅಸಮ ತಾಳದಲ್ಲಿ ವ್ಯತ್ಯಾಸ ಮಾಡಿದರೆ ಉತ್ತರ ಅಮೆರಿಕದ 6 ತಿಂಗಳ ಕೂಸುಗಳು ಗುರುತಿಸಿದವು. 12 ತಿಂಗಳಿನವಕ್ಕೆ ಅದು ಆಗಲಿಲ್ಲ, ಸುತ್ತ ಕೇಳುವ ಸಮತಾಳಕ್ಕೆ ಅವುಗಳ ಕಿವಿ ಆಗಲೇ ಒಗ್ಗಿತ್ತು. ಎರಡು ವಾರ ಮನೆಯಲ್ಲಿ ಆ ಸಂಗೀತ ಕೇಳಿಸಿದ ಮೇಲೆ ಮತ್ತೆ ಗುರುತಿಸಿದವು. ಹಾಗಿದ್ದರೂ ಐದರ ನಡೆಯನ್ನು ನಾನು ಜನವರಿಗೆ ಮೊದಲು ಮುಟ್ಟುವುದಿಲ್ಲ. ನಾಲ್ಕರ ಎಣಿಕೆ ಅಲುಗುತ್ತಿರುವ ಮಗುವಿಗೆ ಐದು ಕೊಟ್ಟರೆ ಅದು ಸದ್ದಿಲ್ಲದೆ ಒಂದು ಸೇರಿಸಿ ಆರು ಮಾಡಿಕೊಳ್ಳುತ್ತದೆ. ಅವಲಕ್ಕಿಯ ‘ಕ್ಕಿ’ ಉದ್ದವಾಗಿ ‘ಕ್ಕೀ’ ಆಯಿತೆಂದರೆ ಅಲ್ಲಿ ಒಂದು ಮಾತ್ರೆ ಹೆಚ್ಚಾಯಿತು ಎಂದೇ ತಿಳಿಯಬೇಕು.

ನಿಮ್ಮ ಮನೆಯಲ್ಲಿ ಆರೇಳು ವರ್ಷದವರಿದ್ದರೆ ಇವತ್ತು ರಾತ್ರಿ ಊಟಕ್ಕೆ ಮುಂಚೆ ಎದುರುಬದುರು ಕೂತು ‘ಕನಕಾಂಬರ’ ತಟ್ಟಿ ನೋಡಿ. ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ, ನಾಲ್ಕನೆಯ ಎಣಿಕೆಯಲ್ಲಿ ಕೈ ಬಿಚ್ಚಿ. ಮಗು ತನ್ನ ಸರದಿಯಲ್ಲಿ ನಾಲ್ಕನೆಯದಕ್ಕೆ ಕೈ ಬಿಚ್ಚಿದರೆ ಸೇವಂತಿಗೆಗೆ ಹೋಗಿ. ಅಲ್ಲೂ ತಟ್ಟಿಬಿಟ್ಟರೆ ಏನೂ ಹೇಳಬೇಡಿ, ಎಣಿಕೆ ನಿಲ್ಲಿಸಲೂ ಬೇಡಿ, ಕನಕಾಂಬರವನ್ನೇ ಇನ್ನೊಮ್ಮೆ ತಟ್ಟಿ.